ಸೆಪ್ಟೆಂಬರ್ ಕೊನೆಯ ರಜೆಗೆ ಘಟ್ಟವೋ, ಕಡಲೋ?

ಪ್ರಶ್ನೆ: ನಾನು ಕುಂದಾಪುರದ ಕಡೆಯವನು, ಡೊಂಬಿವಲಿಯಲ್ಲಿದ್ದೇನೆ. ಗೆಳೆಯ ವೀರಣ್ಣ ಧಾರವಾಡದವನು, ಪುಣೆಯ ಕೊಥ್ರೂಡಿನಲ್ಲಿದ್ದಾನೆ. ಸೆಪ್ಟೆಂಬರ್ ಕೊನೆಯ ವಾರದಲ್ಲಿ ನಮ್ಮಿಬ್ಬರ ಮನೆಯವರಿಗೂ ನಾಲ್ಕು ದಿನ ರಜೆ ಕೂಡಿಬಂದಿದೆ. ನಾನು ಸಹ್ಯಾದ್ರಿಗೆ ಹೋಗೋಣ ಎನ್ನುತ್ತೇನೆ, ಅವನು ಕೊಂಕಣದ ಕಡಲಿಗೇ ಹೋಗಬೇಕು ಎನ್ನುತ್ತಾನೆ. ಜೊತೆಗೆ ಮಂಡಿನೋವಿನ ನನ್ನ ತಾಯಿಯೂ ಬರುತ್ತಾರೆ. ಯಾವುದು ಸರಿ?

– ಸದಾನಂದ, ಡೊಂಬಿವಲಿ

ಉತ್ತರ: ಈ ಪ್ರಶ್ನೆ ಮುಂಬಯಿ ಮತ್ತು ಪುಣೆಯ ಕನ್ನಡಿಗರಿಂದ ಪ್ರತಿ ಮಳೆಗಾಲದ ಕೊನೆಯಲ್ಲಿ ಬರುತ್ತದೆ. ಸದಾನಂದರು ಪ್ರಶ್ನೆಯ ಜೊತೆಗೆ ಇಬ್ಬರ ಜಗಳದ ಮಾತುಗಳನ್ನೂ ಬರೆದು ಕಳುಹಿಸಿರುವುದರಿಂದ ಉತ್ತರಿಸುವುದು ಸುಲಭವಾಗಿದೆ. ಜಗಳದ ಮೊದಲ ಭಾಗ ಹೀಗಿದೆ:

“ಸಮುದ್ರ ನೋಡಿ ನನಗೆ ಸಾಕಾಗಿದೆ ಮಾರಾಯ. ಹುಟ್ಟಿದ ಮನೆಯ ಹಿತ್ತಲಿನಲ್ಲೇ ಇತ್ತು.”

“ನಿನಗ ಸಾಕಾಗೇತಿ, ನಮಗಿನ್ನೂ ಕಣ್ತುಂಬಿಲ್ಲ ನೋಡಪಾ. ಗುಡ್ಡದಾಗ ಏನೈತಿ? ಮಳಿ, ಮಂಜು, ಜಿಗಣಿ. ರೂಮಿನಾಗ ಕುಂತು ಭಜಿ ತಿಂದು ಬರೋದಕ್ಕ ಅಷ್ಟು ದೂರ ಯಾಕ?”

ವೀರಣ್ಣನವರ ಆಕ್ಷೇಪ ಜುಲೈ ತಿಂಗಳಿಗೆ ಪೂರ್ತಿ ಒಪ್ಪುತ್ತದೆ. ಅರಬ್ಬೀ ಸಮುದ್ರದಿಂದ ನೀರಾವಿ ಹೊತ್ತು ಬರುವ ನೈಋತ್ಯದ ಗಾಳಿಗೆ ಸಹ್ಯಾದ್ರಿ ಅಡ್ಡ ನಿಲ್ಲುತ್ತದೆ. ಗಾಳಿ ಮೇಲೇರಿ ತಣ್ಣಗಾಗಿ ಘಟ್ಟದ ಅಂಚಿನಲ್ಲೇ ಮಳೆಯನ್ನು ಸುರಿಸಿ, ಬರಿದಾಗಿ ಪೂರ್ವಕ್ಕೆ ಇಳಿಯುತ್ತದೆ. ಅಂಚಿನ ಮೇಲಿರುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,500 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ, ಘಟ್ಟದ ಮರೆಯಲ್ಲಿರುವ ಪುಣೆ ನಗರಕ್ಕೆ ಸಿಗುವುದು 700 ಮಿಲಿಮೀಟರಿನ ಆಸುಪಾಸು. ಮಹಾಬಳೇಶ್ವರದಿಂದ ಪೂರ್ವಕ್ಕೆ ಇಪ್ಪತ್ತು ಕಿಲೋಮೀಟರಿನೊಳಗಿರುವ ಪಂಚಗಣಿಯಲ್ಲೇ ಮಳೆ ಬಹಳ ಕಡಿಮೆ, ಅದರಿಂದ ಪಸರಣಿ ಘಾಟು ಇಳಿದು ಸಿಗುವ ವಾಯಿ ಊರಿನಲ್ಲಿ ಇನ್ನೂ ಕಡಿಮೆ. ಆದ್ದರಿಂದ ಘಟ್ಟಕ್ಕೆ ಹೋಗುವುದೆಂದರೆ ಯಾವ ಊರಿಗೆ ಎಂಬುದನ್ನು ಮೊದಲು ಕೇಳಬೇಕು. ಮಳೆಗಾಲದಲ್ಲಿ ಹತ್ತಿಪ್ಪತ್ತು ಕಿಲೋಮೀಟರು ಪೂರ್ವಕ್ಕೆ ಸರಿದರೆ ಬೇರೆಯೇ ಹವೆ ಸಿಗುತ್ತದೆ.

ಜೂನ್‌ನಲ್ಲಿ ಗಾಳಿ ಬಲಗೊಂಡಾಗ ಕಡಲಿನ ಬಾಗಿಲು ಮುಚ್ಚುವುದೂ ಇದೇ ಕಾರಣಕ್ಕೆ. ಗೇಟ್‌ವೇಯಿಂದ ಮಾಂಡವಾಕ್ಕೆ ಹೋಗುವ ದೋಣಿಗಳು ಮಳೆಗಾಲದಲ್ಲಿ ನಿಂತು ಸೆಪ್ಟೆಂಬರ್ ಆರಂಭದ ಹೊತ್ತಿಗೆ ಮತ್ತೆ ಹೊರಡುತ್ತವೆ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುತ್ತದೆ. ವಾಯುಗುಣದ ಲೆಕ್ಕದಂತೆ ಮುಂಬಯಿಯಿಂದ ಮುಂಗಾರು ಹಿಂದೆ ಸರಿಯುವ ಸಾಮಾನ್ಯ ದಿನಾಂಕ ಅಕ್ಟೋಬರ್ 8. ಹಾಗಾಗಿ ಸೆಪ್ಟೆಂಬರ್ ಕೊನೆಯ ವಾರದಲ್ಲಿ ದೋಣಿ ಹೊರಟಿರುತ್ತದೆ, ತಾಜಾ ಮೀನು ಬಂದಿರುತ್ತದೆ, ಆದರೆ ಮಳೆ ಇನ್ನೂ ಪೂರ್ತಿ ಹೋಗಿರುವುದಿಲ್ಲ. ಇಬ್ಬರೂ ಗೆಲ್ಲಬಹುದಾದ ವಾರವಿದು, ಜಗಳ ಬೆಳೆದದ್ದು ಸಹಜವೇ.

“ತಾರಕರ್ಲಿಗೆ ಹೋಗೂಣು, ನೀರಿನ ಕೆಳಗ ಮುಳುಗಿ ಮೀನ ನೋಡೂಣು.”

“ನೀನು ಮೀನು ತಿನ್ನುವುದಿಲ್ಲ, ಮುಳುಗಿ ನೋಡಿ ಏನು ಮಾಡುತ್ತೀಯಾ?”

“ತಿನ್ನಾಕ ಅಲ್ಲೋ, ನೋಡಾಕ!”

ವೀರಣ್ಣನವರೇ, ಆ ಆಸೆಗೆ ಈ ವಾರ ಸಲ್ಲದು. ಮಳೆಗಾಲದುದ್ದಕ್ಕೂ ನದಿಗಳು ತಂದು ಸುರಿದ ಕೆಂಪು ಮಣ್ಣು ದಡದ ನೀರಿನಲ್ಲಿ ಇನ್ನೂ ತಂಗಿರುವುದಿಲ್ಲ. ಮುಳುಗಿದರೂ ಕಾಣುವುದು ಕಲಕಿದ ನೀರೇ ಹೊರತು ಮೀನಲ್ಲ. ಡೈವಿಂಗಿನವರು ಸಾಮಾನ್ಯವಾಗಿ ಮಳೆಗಾಲ ಪೂರ್ತಿ ಮುಗಿದ ಮೇಲೆಯೇ ಸರಿಯಾಗಿ ಆರಂಭಿಸುತ್ತಾರೆ. ನೀರು ತಿಳಿಯಾಗುವುದು ನವೆಂಬರ್ ಹೊತ್ತಿಗೆ.

ಈಜಿನ ವಿಷಯವೂ ಅಷ್ಟೆ. ಮಳೆ ನಿಂತಿದೆ ಎಂದ ಮಾತ್ರಕ್ಕೆ ಸಮುದ್ರ ಶಾಂತವಾಯಿತೆಂದು ತಿಳಿಯಬಾರದು. ದೂರದಿಂದ ಬರುವ ಉಬ್ಬಲೆ ಸೆಪ್ಟೆಂಬರ್‌ನಲ್ಲಿಯೂ ಇರುತ್ತದೆ, ಮಳೆಗಾಲದ ಅಲೆಗಳು ಮರಳನ್ನು ಕೊರೆದು ಕೆಲವು ಕಡೆ ದಡವನ್ನು ಕಡಿದಾಗಿಸಿರುತ್ತವೆ. ದಡದಲ್ಲಿ ಎತ್ತರದ ಜಾಗದಿಂದ ಹತ್ತು ನಿಮಿಷ ನಿಂತು ನೋಡಿದರೆ, ಬಿಳಿ ನೊರೆಯಾಗಿ ಒಡೆಯುವ ಅಲೆಗಳ ಸಾಲಿನ ನಡುವೆ ಒಂದು ಪಟ್ಟೆಯಲ್ಲಿ ಮಾತ್ರ ಅಲೆ ಒಡೆಯದೆ ನೀರು ನಸುಗಪ್ಪಾಗಿ, ಸಪಾಟಾಗಿ ಕಾಣಬಹುದು. ಹೊಸಬರು ಅದನ್ನೇ ಶಾಂತ ಜಾಗವೆಂದು ಆರಿಸಿಕೊಳ್ಳುತ್ತಾರೆ. ದಡಕ್ಕೆ ಬಂದ ನೀರು ಮತ್ತೆ ಕಡಲಿಗೆ ಹರಿದುಹೋಗುವ ಕಾಲುವೆ ಅದು. ನೊರೆಯೂ ಕಸವೂ ಆ ಪಟ್ಟೆಯಲ್ಲಿ ಹೊರಮುಖವಾಗಿ ತೇಲಿಹೋಗುವುದನ್ನು ಗಮನಿಸಿದರೆ ಗುರುತು ಸಿಗುತ್ತದೆ. ಅದರಲ್ಲಿ ಸಿಕ್ಕಿಬಿದ್ದವರು ದಡದತ್ತ ನೇರವಾಗಿ ಈಜಿ ದಣಿಯಬಾರದು, ದಡಕ್ಕೆ ಸಮಾನಾಂತರವಾಗಿ ಈಜಿ ಪಟ್ಟೆಯಿಂದ ಹೊರಬಂದು ಆಮೇಲೆ ದಡದ ಕಡೆಗೆ ತಿರುಗಬೇಕು. ಸದಾನಂದರಿಗೆ ಇದು ಬಾಲ್ಯದಿಂದ ಗೊತ್ತಿರುತ್ತದೆ. ಧಾರವಾಡದವರ ಮಕ್ಕಳಿಗೆ ಗೊತ್ತಿರುವುದಿಲ್ಲ.

“ಹಾಗಾದರ ಈಜೂದು ಬ್ಯಾಡ. ಅಲಿಬಾಗಕ್ಕ ಹೋಗಿ ನೀರಿನಾಗ ನಡಕೊಂತ ಕೋಟಿಗೆ ಹೋಗೂಣು.”

“ನನ್ನ ಅಮ್ಮ ನಡೆಯುತ್ತಾರಾ? ಅರ್ಧ ದಾರಿಯಲ್ಲಿ ನೀರು ಏರಿದರೆ ನೀನು ಹೊತ್ತು ತರುತ್ತೀಯಾ?”

ಅಲಿಬಾಗದ ಕುಲಾಬಾ ಕೋಟೆಗೆ ಇಳಿತದ ಹೊತ್ತಿನಲ್ಲಿ ನಡೆದು ಹೋಗಬಹುದೆಂಬುದು ನಿಜ. ಒಳಗೆ ಗಣಪತಿಯ ಗುಡಿಯಿದೆ, ಸುತ್ತ ಉಪ್ಪುನೀರಿದ್ದರೂ ಸಿಹಿನೀರಿನ ಬಾವಿಯಿದೆ. ಆದರೆ ಆ ಹೊತ್ತು ಯಾವುದೆಂದು ಮೊದಲೇ ತಿಳಿದಿರಬೇಕು. ಕೊಂಕಣದವರು ಇದಕ್ಕೆ ಪಂಚಾಂಗದ ಲೆಕ್ಕವೊಂದನ್ನು ಬಳಸುತ್ತಾರೆ: ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿದರೆ ಪೂರ್ಣ ಭರತದ ಗಂಟೆ ಬರುತ್ತದೆ, ಅಲ್ಲಿಂದ ಆರು ಗಂಟೆ ಹಿಂದೆ ಅಥವಾ ಮುಂದೆ ಇಳಿತ. ಹುಣ್ಣಿಮೆಗೆ ಹದಿನೈದರ ಮುಕ್ಕಾಲು ಹನ್ನೊಂದೂಕಾಲು. ಅಂದರೆ ಮಧ್ಯಾಹ್ನದ ಹೊತ್ತಿಗೆ ಭರತ, ಇಳಿತ ಬೆಳಗಿನ ಜಾವಕ್ಕೂ ಸಂಜೆಗೂ. ಅಷ್ಟಮಿಗೆ ಎಂಟರ ಮುಕ್ಕಾಲು ಆರು. ಇಳಿತ ನಡುಮಧ್ಯಾಹ್ನ, ಹೊತ್ತೇನೋ ಅನುಕೂಲವಾದದ್ದು, ಆದರೆ ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತವೇ ಸಣ್ಣದಾಗಿರುವುದರಿಂದ ನೀರು ಪೂರ್ತಿ ಹಿಂದೆ ಸರಿಯುವುದಿಲ್ಲ.

ಸರಿಯಾದ ದಿನ ಸಿಗುವುದು ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಎರಡು ಮೂರು ದಿನಕ್ಕೆ. ತದಿಗೆಯನ್ನು ತೆಗೆದುಕೊಳ್ಳಿ. ಮೂರರ ಮುಕ್ಕಾಲು ಎರಡೂಕಾಲು, ಅಂದರೆ ಮಧ್ಯಾಹ್ನ ಎರಡೂಕಾಲಿಗೆ ಭರತ, ಬೆಳಿಗ್ಗೆ ಎಂಟೂಕಾಲಿನ ಹೊತ್ತಿಗೆ ಇಳಿತ. ನೀರು ಇನ್ನೂ ಇಳಿಯುತ್ತಿರುವಾಗಲೇ, ಏಳೂಕಾಲಿಗೆ ಹೊರಟು, ಒಂಬತ್ತು ಗಂಟೆಗೆ ಕೋಟೆಯ ಬಾಗಿಲಿನಿಂದ ಮರಳುವ ಹಾದಿ ಹಿಡಿದರೆ ನೀರು ಮತ್ತೆ ಏರುವ ಮುನ್ನ ದಡ ಸೇರಬಹುದು. ಮರುದಿನ ಇದೇ ಹೊತ್ತು ಸುಮಾರು ಐವತ್ತು ನಿಮಿಷ ತಡವಾಗುತ್ತದೆ. ಇದು ಅಂದಾಜಿನ ಲೆಕ್ಕ. ಹೊರಡುವ ಮುನ್ನ ಆ ದಿನದ ಭರತದ ಪಟ್ಟಿಯೊಡನೆ ತಾಳೆ ನೋಡಿ, ದಡದ ಕೋಳಿಗಳನ್ನೂ ಕೇಳಿಕೊಳ್ಳಬೇಕು (ಮೀನುಗಾರ ಸಮುದಾಯದವರನ್ನು ಹೇಳುತ್ತಿದ್ದೇನೆ, ಕೂಗುವ ಕೋಳಿಗಳನ್ನಲ್ಲ). ಆದರೆ ದಾರಿಯ ಬಂಡೆಗಳು ಮಳೆಗಾಲದ ಕೊನೆಯಲ್ಲಿ ಪಾಚಿಗಟ್ಟಿ ಜಾರುತ್ತವೆ. ಮಂಡಿನೋವಿನವರಿಗೆ ನಾನು ಇದನ್ನು ಹೇಳಲಾರೆ.

ಆದ್ದರಿಂದ ಈ ವಾರದ ಮಟ್ಟಿಗೆ ನನ್ನ ತೀರ್ಪು ಸದಾನಂದರ ಕಡೆಗೆ, ಅದೂ ಸಾತಾರಾದಿಂದ ಸುಮಾರು 25 ಕಿಲೋಮೀಟರು ಪಶ್ಚಿಮಕ್ಕಿರುವ ಕಾಸ್ ಪ್ರಸ್ಥಭೂಮಿಯ ಕಾರಣಕ್ಕೆ. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಇದೂ ಒಂದು. ಸುಮಾರು 1,200 ಮೀಟರು ಎತ್ತರದ ಜಂಬಿಟ್ಟಿಗೆಯ ಬಯಲಿದು. ಮೇಲಿನ ಮಣ್ಣು ಎಷ್ಟು ತೆಳುವೆಂದರೆ ಮರ ಬೇರೂರಲಾರದು, ಮಳೆಯ ನೀರು ಕಲ್ಲಿನ ತಗ್ಗುಗಳಲ್ಲಿ ನಿಂತು ಅಲ್ಪಾಯುಷಿ ಹೂಗಿಡಗಳಿಗೆ ಮಾತ್ರ ಎಡೆಮಾಡುತ್ತದೆ. ಬಾಗಿ ನೋಡಿದರೆ ಬೆರಳುದ್ದದ ದಂಟಿನ ತುದಿಯಲ್ಲಿ ಊದಾಬಣ್ಣದ ಪುಟ್ಟ ಹೂವು ಕಾಣುತ್ತದೆ, ಮರಾಠಿಯವರು ಅದನ್ನು ಸೀತೆಯ ಕಣ್ಣೀರು ಎನ್ನುತ್ತಾರೆ. ಅಷ್ಟು ನಾಜೂಕಾದ ಗಿಡ ಮಾಂಸಾಹಾರಿ: ನೆಲದೊಳಗಿನ ಸೂಜಿಮೊನೆಯಷ್ಟು ಚೀಲಗಳಲ್ಲಿ ಸೂಕ್ಷ್ಮ ಜೀವಿಗಳನ್ನು ಹೀರಿಕೊಂಡು, ಆ ಕಲ್ಲುನೆಲದಲ್ಲಿ ಸಿಗದ ಪೋಷಕಾಂಶವನ್ನು ಪಡೆಯುತ್ತದೆ. ಅಲ್ಲಿನ ಟೋಪ್ಲಿ ಕಾರ್ವಿ ಏಳು ವರ್ಷಕ್ಕೊಮ್ಮೆ ಹೂಬಿಡುವಂಥದ್ದು.

ಹೂವಿನ ಕಾಲ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮೊದಲ ದಿನಗಳವರೆಗೆ. ಮಳೆ ಸುರಿಯುತ್ತಿದ್ದರೆ ಹೂಗಳು ಮುದುಡಿರುತ್ತವೆ, ಮಳೆ ಪೂರ್ತಿ ನಿಂತು ಬಿಸಿಲು ಕಾದರೆ ಬೇಗ ಬೀಜವಾಗುತ್ತವೆ. ಬಿಡುವು ಕೊಟ್ಟು ಬರುವ ಮಳೆಯೇ ಬೇಕು, ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಸಾಮಾನ್ಯವಾಗಿ ಅದೇ ಇರುತ್ತದೆ. ದಿನಕ್ಕೆ ಇಷ್ಟೇ ಜನವೆಂಬ ಮಿತಿಯಿರುವುದರಿಂದ ಮುಂಗಡವಾಗಿ ಕಾದಿರಿಸಬೇಕು, ಶನಿವಾರ ಭಾನುವಾರಗಳನ್ನು ತಪ್ಪಿಸಬೇಕು. ಬಯಲು ಬಹುತೇಕ ಸಮತಟ್ಟಾಗಿರುವುದರಿಂದ ಸದಾನಂದರ ತಾಯಿಯವರು ನಿಧಾನವಾಗಿ ಒಂದಷ್ಟು ದೂರ ನಡೆಯಬಲ್ಲರು.

ಎರಡು ರಾತ್ರಿ ಸಾತಾರಾದಲ್ಲಿ ಉಳಿದು ಒಂದು ಬೆಳಿಗ್ಗೆ ಕಾಸ್ ನೋಡಿ, ಇನ್ನೊಂದು ದಿನವನ್ನು ಮಳೆ ಬಂದರೆಂದು ಕೈಯಲ್ಲಿಟ್ಟುಕೊಳ್ಳಿ. ಮೂರನೆಯ ರಾತ್ರಿಗೆ ಪಂಚಗಣಿ. ಅಲ್ಲಿಗೆ ಮೇಢಾ, ಕೇಳಘರ್ ಘಾಟಿನ ದಾರಿಯೂ ಇದೆಯಾದರೂ, ಮಳೆಗಾಲದಲ್ಲಿ ಗುಡ್ಡ ಕುಸಿಯುವ ದಾರಿಗಿಂತ ವಾಯಿಯ ಮೂಲಕ ಪಸರಣಿ ಘಾಟು ಹತ್ತುವುದನ್ನೇ ನಾನು ಆರಿಸಿಕೊಳ್ಳುತ್ತೇನೆ. ಕೃಷ್ಣೆಯ ದಡದ ಢೋಲ್ಯಾ ಗಣಪತಿಯ ದರ್ಶನವೂ ಆಗುತ್ತದೆ.

“ಗುಡ್ಡದಾಗ ಮಳಿ ಜೋರ್ ಆದ್ರ ಆಗ ಅಲಿಬಾಗಕ್ಕ ಹೋಗೂಣು, ಒಪ್ಪಿದಿಯೇನು?”

ಈ ರಾಜಿಯನ್ನು ಸದಾನಂದರು ಒಪ್ಪಿದ್ದಾರಂತೆ, ದಯವಿಟ್ಟು ಒಪ್ಪಬೇಡಿ. ಆ ಹೊತ್ತಿನಲ್ಲಿ ಘಟ್ಟಕ್ಕೆ ಜೋರು ಮಳೆ ತರುವುದು ಪಶ್ಚಿಮದ ಬಲವಾದ ಗಾಳಿ, ಕಡಲನ್ನು ಕೆರಳಿಸುವುದೂ ಅದೇ. ಹವಾಮಾನ ಇಲಾಖೆ ಸಾತಾರಾದ ಘಾಟು ಪ್ರದೇಶಕ್ಕೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ಪಶ್ಚಿಮಕ್ಕೆ ಇಳಿಯದೆ ಪೂರ್ವಕ್ಕೆ ಸರಿದು ವಾಯಿಯಲ್ಲಿಯೇ ಉಳಿಯುವುದು ಮೇಲು. ರಜೆಯೇ ಅಕ್ಟೋಬರ್ ನಡುವಿಗೆ ಮುಂದೆ ಹೋದರೆ ಮಾತ್ರ ಲೆಕ್ಕ ಬದಲಾಗುತ್ತದೆ: ಆಗ ಕಾಸ್‌ನಲ್ಲಿ ಒಣಹುಲ್ಲು, ಎಲ್ಲೆಲ್ಲೂ ಅಕ್ಟೋಬರ್‌ನ ಸೆಕೆ. ವೀರಣ್ಣನವರ ಸರದಿಗೆ ನವೆಂಬರ್‌ನಲ್ಲಿ ಬಹುಳ ಬಿದಿಗೆಯಿಂದ ಚೌತಿಯೊಳಗಿನ ಒಂದು ಬೆಳಿಗ್ಗೆಯನ್ನು ಈಗಲೇ ಗುರುತು ಹಾಕಿಟ್ಟುಕೊಳ್ಳಿ.