ಪಲ್ಪರ್ ತೋಟದಲ್ಲೇ ಯಾಕೆ, ಕ್ಯೂರಿಂಗ್ ಹೊರಗೆ ಯಾಕೆ?

ಪೇಟೆಯಲ್ಲಿ ಎಲ್ಲ ಕೆಲಸಕ್ಕೂ ಒಂದು ಬೆಲೆ ಇದೆ. ಹಾಗಿದ್ದರೆ ಸಂಸ್ಥೆಗಳು ಯಾಕೆ ಬೇಕು? 1937ರಲ್ಲಿ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ ಎತ್ತಿದ ಪ್ರಶ್ನೆ ಇದು. ಅವರ ಉತ್ತರ: ಪೇಟೆಗೆ ಹೋಗುವುದಕ್ಕೇ ಖರ್ಚಿದೆ. ಜನರನ್ನು ಹುಡುಕಬೇಕು, ಚೌಕಾಸಿ ಮಾಡಬೇಕು, ಒಪ್ಪಿದ ಹಾಗೆ ನಡೆದುಕೊಂಡರಾ ಅಂತ ನೋಡಬೇಕು. ಇದೇ ವಹಿವಾಟು ವೆಚ್ಚ. ಇದು ಜಾಸ್ತಿ ಇರುವ ಕೆಲಸ ಸಂಸ್ಥೆಯ ಒಳಗೆ ಬರುತ್ತದೆ.

ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಹಣ್ಣಿನ ಹೊರಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ, ಒಳಸಿಪ್ಪೆ ಇನ್ನೂ ಇರುವ ಬೀಜವೇ ಪಾರ್ಚ್‌ಮೆಂಟ್; ಹೊರಸಿಪ್ಪೆ ಬಿಡಿಸುವ ಯಂತ್ರವೇ ಪಲ್ಪರ್. ಅರೇಬಿಕಾ ಪಾರ್ಚ್‌ಮೆಂಟ್ ಮಾಡುವವರು ಸಾಮಾನ್ಯವಾಗಿ ಸ್ವಂತ ಪಲ್ಪರ್ ಇಟ್ಟುಕೊಳ್ಳುತ್ತಾರೆ. ಆದರೆ ಅದೇ ಪಾರ್ಚ್‌ಮೆಂಟಿನ ಸಿಪ್ಪೆ ತೆಗೆದು ಗ್ರೇಡ್ ಮಾಡುವ ಕೆಲಸ ಹೊರಗಿನ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುತ್ತದೆ. ಯಾಕೆ ಹೀಗೆ?

ಹಣ್ಣು ಕಾಯುವುದಿಲ್ಲ, ಅಷ್ಟೇ. ಕೊಯ್ದ ದಿನವೇ ಪಲ್ಪ್ ಆಗಬೇಕು. ಇಲ್ಲದಿದ್ದರೆ ಚೀಲದಲ್ಲೇ ಹುಳಿ ಬರಲು ಶುರುವಾಗುತ್ತದೆ.

ಲೆಕ್ಕಕ್ಕೆ ಕೆಲವು ಅಂಕಿ ಇಟ್ಟುಕೊಳ್ಳೋಣ. ಪಕ್ಕದ ತೋಟದವರು ಕೆಜಿಗೆ 4 ರೂಪಾಯಿಗೆ ಪಲ್ಪ್ ಮಾಡಿಕೊಡಲು ಒಪ್ಪಿದ್ದಾರೆ. ಸಂಜೆ 1,000 ಕೆಜಿ ಹಣ್ಣು ತಂದು ಇಳಿಸಿದ ಮೇಲೆ "ಇವತ್ತು ಆಳಿಲ್ಲ, 7 ಆದ್ರೆ ನೋಡೋಣ" ಅಂತಾರೆ. ಬೇರೆ ಕಡೆ ಸಾಗಿಸಲು ಪಿಕಪ್‌ಗೆ 3,000 ರೂಪಾಯಿ, ಅಂದರೆ ಕೆಜಿಗೆ 3; ಅಲ್ಲೂ ಪಲ್ಪ್ ಮಾಡುವ ದರ 4 ಅಂದರೆ ಒಟ್ಟು 7. ಹಾಗಾಗಿ 7 ಕೊಟ್ಟರೂ ಒಂದೇ, ಗಾಡಿ ಮಾಡಿದರೂ ಒಂದೇ. ಅವರು ಎಷ್ಟು ಹಿಂಡಬಹುದು ಅನ್ನೋದು ನಾವು ಬೇರೆ ಕಡೆ ಹೋಗುವ ಖರ್ಚಿನ ಮೇಲೆ ನಿಂತಿದೆ. ಹೀಗೆ ಸಿಕ್ಕಿಹಾಕಿಕೊಳ್ಳುವ ಪರಿಸ್ಥಿತಿಯನ್ನು ವಿವರವಾಗಿ ಬಿಡಿಸಿದವರಲ್ಲಿ ಆಲಿವರ್ ವಿಲಿಯಮ್‌ಸನ್ ಮುಖ್ಯರು. ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಸ್ವಂತ ಪಲ್ಪರ್ ಹಾಕಿದರೆ? ಯಂತ್ರ, ಕರೆಂಟು, ಆಳು ಎಲ್ಲ ಸೇರಿ ಕೆಜಿಗೆ 5 ರೂಪಾಯಿ ಬೀಳುತ್ತದೆ ಅನ್ನಿ. ಸುಗ್ಗಿ ಮುಗಿದ ಮೇಲೆ ಅದು ಸುಮ್ನೆ ಶೆಡ್ಡಲ್ಲಿ ಬಿದ್ದಿರುತ್ತದೆ. ಮಾತಿನ ದರ 4ಕ್ಕಿಂತ ಇದು ದುಬಾರಿಯೇ. ಪರೀಕ್ಷೆಯಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ: ಒಳಗೆ ಮಾಡಿದರೆ ಅಗ್ಗ ಅಂತ ಬರೆದುಬಿಡುತ್ತಾರೆ. ಹೋಲಿಸಬೇಕಾದದ್ದು ಮಾತಿನ ದರದ ಜೊತೆ ಅಲ್ಲ, ಕೊನೆಗೆ ಕೈಬಿಡುವ ದುಡ್ಡಿನ ಜೊತೆ. ಮೂರು ಸಂಜೆಯಲ್ಲಿ ಒಂದು ಸಂಜೆ ಮಾತ್ರ 7 ಆದರೆ ಸರಾಸರಿ 5, ಎರಡೂ ಸಮ. ಅದಕ್ಕಿಂತ ಜಾಸ್ತಿ ಸಲ ಹೀಗಾದರೆ ಪಲ್ಪರ್ ಕೊಳ್ಳುವುದೇ ಮೇಲು.

ಒಣಗಿದ ಪಾರ್ಚ್‌ಮೆಂಟ್ ಕಥೆ ಬೇರೆ. ಅದು ಗೋಡೌನಿನಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ಒಂದು ಕ್ಯೂರಿಂಗ್ ವರ್ಕ್ಸ್ ದರ ಏರಿಸಿದರೆ ಇನ್ನೊಂದನ್ನು ವಿಚಾರಿಸಲು ಸಮಯವಿದೆ. ಆದ್ದರಿಂದ ಆ ಕೆಲಸ ಪೇಟೆಯಲ್ಲೇ ಉಳಿಯಿತು.

ಒಳಗೆ ತಂದುಕೊಂಡರೂ ಖರ್ಚು ತಪ್ಪುವುದಿಲ್ಲ. ಎಷ್ಟೋ ತೋಟಗಳಲ್ಲಿ ಕೊಯ್ಲಿಗೆ ಕೆಜಿ ಲೆಕ್ಕದಲ್ಲೇ ಕೂಲಿ. ಸಂಸ್ಥೆಯ ಒಳಗೇ ಒಂದು ಪುಟ್ಟ ಪೇಟೆ, ಅಲ್ವಾ? ತೂಕ ಬೇಗ ಏರಲಿ ಅಂತ ಹಸಿರು ಕಾಯಿಯೂ ಚೀಲಕ್ಕೆ ಬೀಳುತ್ತದೆ. ಅದರ ಸಿಪ್ಪೆ ಪಲ್ಪರ್‌ನಲ್ಲಿ ಸರಿಯಾಗಿ ಬಿಡುವುದಿಲ್ಲ, ಬೀಜವೂ ಏಟು ತಿನ್ನುತ್ತದೆ. ಅದಕ್ಕೇ ತೂಕದ ಹೊತ್ತಿಗೆ ತೋಟದ ಲೆಕ್ಕ ನೋಡುವ ರೈಟರ್ ಚೀಲಕ್ಕೆ ಕೈ ಹಾಕಿ ತಳದ ಹಣ್ಣು ಮೇಲೆತ್ತಿ ನೋಡುತ್ತಾರೆ. ಆ ರೈಟರ್ ಸಂಬಳವನ್ನೂ ಕೆಜಿಗೆ 5 ರೂಪಾಯಿಯ ಲೆಕ್ಕಕ್ಕೆ ಸೇರಿಸಿ.