ಗಾಳಿ ಹೋದ ದಾರಿಯಲ್ಲೇ ಟಿಪ್ಪಣಿ

ಮಾನ್ಸೂನ್ ಪಾಠವನ್ನು ಪರೀಕ್ಷೆಗೆ ಚಿಕ್ಕದು ಮಾಡಿಕೊಡಿ ಅಂತ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ. ಹೆಚ್ಚಿನವರು ಪದಗಳ ಪಟ್ಟಿಯಿಂದ ಶುರು ಮಾಡುತ್ತಾರೆ. ನಾನು ಚಿತ್ರದಿಂದ ಶುರು ಮಾಡಿಸುತ್ತೇನೆ. 'ಮಳೆ ನೆರಳಿನ ಪ್ರದೇಶ' ಎಂಬುದರ ಅರ್ಥ ಬಾಯಿಪಾಠ ಬಂದಿರುತ್ತದೆ. ಆದರೆ ಚಿತ್ರದಲ್ಲಿ ಅದೆಲ್ಲಿದೆ ತೋರಿಸು ಅಂದರೆ ಬೆರಳು ಘಟ್ಟದ ತುದಿಗೆ ಹೋಗಿ ನಿಲ್ಲುತ್ತದೆ.

ಪಶ್ಚಿಮ ಘಟ್ಟದ ಅಡ್ಡ ಸೀಳಿಕೆಯ ಚಿತ್ರವನ್ನೇ ತೆಗೆದುಕೊಳ್ಳೋಣ. ಎಡಕ್ಕೆ ಅರಬ್ಬಿ ಸಮುದ್ರ, ಕರಾವಳಿ, ನಡುವೆ ಘಟ್ಟ, ಬಲಕ್ಕೆ ಬಯಲುಸೀಮೆ. ಮಕ್ಕಳು ಇದರ ವಿವರಣೆಯನ್ನು 'ಮೋಡಗಳು ಬೆಟ್ಟಕ್ಕೆ ಡಿಕ್ಕಿ ಹೊಡೆದು ಮಳೆ ಸುರಿಸುತ್ತವೆ' ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ತೊಂದರೆ ಇಲ್ಲೇ ಇದೆ. ಡಿಕ್ಕಿಯಿಂದ ಮಳೆ ಬರುವುದಿಲ್ಲ. ಗಾಳಿ ಮೇಲೇರುತ್ತಾ ತಣ್ಣಗಾಗುತ್ತದೆ. ತಣ್ಣಗಾದ ಗಾಳಿ ಮೊದಲಿನಷ್ಟು ನೀರಾವಿ ಹಿಡಿದಿಟ್ಟುಕೊಳ್ಳಲಾರದು. ಅದರಿಂದ ಮೋಡ, ಮಳೆ.

ಹಾಗಾಗಿ ವಿವರಣೆಯನ್ನು ಗಾಳಿ ಹೋಗುವ ಕ್ರಮದಲ್ಲೇ ಬರೆಸುತ್ತೇನೆ, ಒಂದು ಬಾಣಕ್ಕೆ ಒಂದು ವಾಕ್ಯ. 'ಸಮುದ್ರದ ಮೇಲಿಂದ ತೇವ ತುಂಬಿದ ಗಾಳಿ ಬರುತ್ತದೆ. ಘಟ್ಟ ಅಡ್ಡ ಬಂದದ್ದರಿಂದ ಮೇಲೇರುತ್ತದೆ. ಏರುತ್ತಾ ತಣ್ಣಗಾಗಿ ಮೋಡವಾಗುತ್ತದೆ, ಘಟ್ಟದ ಪಶ್ಚಿಮಕ್ಕೆ ಜೋರು ಮಳೆ. ತುದಿ ದಾಟಿ ಪೂರ್ವಕ್ಕೆ ಇಳಿಯುತ್ತದೆ. ಇಳಿಯುತ್ತಾ ಬಿಸಿಯಾಗುತ್ತದೆ, ಮೋಡ ಕರಗುತ್ತದೆ, ಮಳೆ ಕಡಿಮೆ.' ಮಕ್ಕಳು ಬಿಟ್ಟುಬಿಡುವುದು ಕೊನೆಯ ಎರಡು ವಾಕ್ಯಗಳನ್ನು. ನೀರೆಲ್ಲ ಪಶ್ಚಿಮದಲ್ಲೇ ಖಾಲಿಯಾಯಿತು ಎಂಬುದು ಅರ್ಧ ಉತ್ತರ ಮಾತ್ರ.

ಉಳಿದರ್ಧಕ್ಕೆ ಒಂದು ಸಣ್ಣ ಲೆಕ್ಕ ಮಾಡಿಸುತ್ತೇನೆ. ಮೋಡವಾಗುವ ಮುಂಚೆ ಏರುವ ಗಾಳಿ 1,000 ಮೀಟರಿಗೆ ಸುಮಾರು 10 ಡಿಗ್ರಿ ತಣ್ಣಗಾಗುತ್ತದೆ. ಮೋಡವಾದ ಮೇಲೆ ಅದರ ಅರ್ಧದಷ್ಟು, ಸುಮಾರು 5 ಡಿಗ್ರಿ. ಆವಿ ನೀರಾಗುವಾಗ ಶಾಖ ಬಿಡುತ್ತದಲ್ವಾ, ಅದಕ್ಕೆ. ಕಡಲ ಮೇಲೆ 28 ಡಿಗ್ರಿ ಇದೆ ಅಂದುಕೊಳ್ಳಿ. 400 ಮೀಟರಿನಲ್ಲಿ ಮೋಡ ಕಟ್ಟಿತು, ಅಲ್ಲಿ 24. ತುದಿ 1,000 ಮೀಟರ್, ಅಲ್ಲಿ 21. ಈಗ ಪೂರ್ವಕ್ಕೆ 600 ಮೀಟರ್ ಎತ್ತರದ ಬಯಲಿಗೆ ಇಳಿಸಿ. ನೀರು ಮಳೆಯಾಗಿ ಸುರಿದುಹೋಗಿದೆ, ಹಾಗಾಗಿ ಗಾಳಿ ಮತ್ತೆ 1,000 ಮೀಟರಿಗೆ 10 ಡಿಗ್ರಿಯಂತೆ ಬಿಸಿಯಾಗುತ್ತದೆ: 25 ಡಿಗ್ರಿ. ಪಶ್ಚಿಮದಲ್ಲಿ ಇದೇ 600 ಮೀಟರಿನಲ್ಲಿ 23 ಇತ್ತು. ಎತ್ತರ ಒಂದೇ, ಗಾಳಿ ಮಾತ್ರ ಬಿಸಿಯೂ ಒಣಗಿದ್ದೂ ಆಗಿದೆ. ಆಗುಂಬೆಯಲ್ಲಿ ವರ್ಷಕ್ಕೆ 700 ಸೆಂ.ಮೀ. ದಾಟುವ ಮಳೆ, ಚಳ್ಳಕೆರೆಯಲ್ಲಿ 50 ಸೆಂ.ಮೀ. ಆಸುಪಾಸು ಏಕೆ ಎಂಬುದು ಈ ಲೆಕ್ಕ ಮಾಡಿದವರಿಗೆ ಮರೆಯುವುದಿಲ್ಲ.

ಪದಪಟ್ಟಿಯ ಸರದಿ ಈಗ. ಅಕಾರಾದಿಯಾಗಿ ಬರೆಯಬೇಡಿ. ಪ್ರತಿ ಪದವೂ ಒಂದು ಬಾಣದ ಮೇಲೆ ಕೂರಬೇಕು. 'ಆರೋಹ ಮಳೆ' ಏರುವ ಬಾಣದ ಮೇಲೆ, 'ಮಳೆ ನೆರಳು' ಇಳಿಯುವ ಬಾಣದ ಕೆಳಗೆ. 'ಕೊರಿಯಾಲಿಸ್ ಬಲ' ಈ ಚಿತ್ರದಲ್ಲಿ ಎಲ್ಲೂ ಕೂರುವುದಿಲ್ಲ. ಅದರ ಜಾಗ ಜುಲೈ ನಕ್ಷೆಯಲ್ಲಿ. ದಕ್ಷಿಣದಿಂದ ಬರುವ ಗಾಳಿ ಸಮಭಾಜಕ ವೃತ್ತ ದಾಟಿ ಬಲಕ್ಕೆ ತಿರುಗಿ ನೈಋತ್ಯ ಗಾಳಿಯಾಗುವ ಕಡೆ. ಕೂರದ ಪದ ಸಿಕ್ಕಿದರೆ ಇನ್ನೊಂದು ಚಿತ್ರ ಬೇಕು ಅಂತ ಅರ್ಥ.

'ಹಿಂಗಾರು' ಅಂಥ ಪದ. ಜುಲೈ ನಕ್ಷೆ ನೋಡಿದರೆ ಚೆನ್ನೈ ಕಡೆ ಮಳೆಯೇ ಕಡಿಮೆ ಅನ್ನಿಸುತ್ತದೆ. ಅದು ಸರಿಯೇ. ಆ ಕರಾವಳಿ ನೈಋತ್ಯ ಗಾಳಿಯ ಅರಬ್ಬಿ ಸಮುದ್ರದ ಕವಲಿಗೆ ಮಳೆ ನೆರಳಿನಲ್ಲಿದೆ, ಬಂಗಾಳ ಕೊಲ್ಲಿಯ ಕವಲು ಅದರ ಪಕ್ಕದಲ್ಲೇ ಸಾಗಿಹೋಗುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನ ತನಕ ಈಶಾನ್ಯದಿಂದ ಬೀಸುವ ಗಾಳಿ ಕೊಲ್ಲಿಯ ಮೇಲೆ ತೇವ ಹೀರಿಕೊಂಡು ಅಲ್ಲಿ ಮಳೆ ಸುರಿಸುತ್ತದೆ. ಅದಕ್ಕೆ ಬೇರೆ ನಕ್ಷೆಯೇ ಬೇಕು. ಪ್ರತಿ ಚಿತ್ರದ ಮೇಲೆ ತಿಂಗಳ ಹೆಸರು ಬರೆಯಿರಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. 'ಮಾನ್ಸೂನ್ ನಿರ್ಗಮನ' ಮತ್ತು 'ಹಿಂಗಾರು' ಒಂದೇ ಅಂತ ಬರೆಯುವ ತಪ್ಪೂ ಆಗ ತಾನಾಗಿ ಸರಿಹೋಗುತ್ತದೆ. ಒಂದು ಸೆಪ್ಟೆಂಬರ್ ಮಧ್ಯದಲ್ಲಿ ರಾಜಸ್ಥಾನದ ಕಡೆಯಿಂದ ಶುರುವಾಗುತ್ತದೆ, ಇನ್ನೊಂದು ಅಕ್ಟೋಬರಿನಲ್ಲಿ ಪೂರ್ವ ಕರಾವಳಿಯಲ್ಲಿ.

ಟಿಪ್ಪಣಿ ಸರಿಯಾಗಿದೆಯೋ ಇಲ್ಲವೋ ನೋಡಲು ಚಿತ್ರ ಮುಚ್ಚಿಟ್ಟು, ವಿವರಣೆಯನ್ನಷ್ಟೇ ಪಕ್ಕದವರಿಗೆ ಓದಿ ಹೇಳಬೇಕು. ಅವರು ಕೇಳಿಕೊಂಡೇ ಚಿತ್ರ ಬರೆಯಬೇಕು. ಕಳೆದ ಸಲ ಒಬ್ಬ ಹುಡುಗಿ ಘಟ್ಟದ ತುದಿ ತನಕ ಚೆನ್ನಾಗಿ ಬರೆದು ಪೆನ್ಸಿಲ್ ನಿಲ್ಲಿಸಿದಳು. "ಆಮೇಲೆ ಗಾಳಿ ಎಲ್ಲಿ ಹೋಗುತ್ತೆ ಸರ್, ಇವನು ಹೇಳಲೇ ಇಲ್ಲ" ಅಂದಳು. ಓದುತ್ತಿದ್ದ ಹುಡುಗ ಹಾಳೆ ನೋಡಿಕೊಂಡು, ಇಳಿಯುವ ಬಾಣದ ವಾಕ್ಯವನ್ನು ಅಲ್ಲೇ ಸೇರಿಸಿದ.