‘ಎಡಗಣ್ಣು ಮಂಜು’ ಎಂಬ ದೂರಿನ ಮೂಲ ಮಿದುಳಿನ ಬಲಭಾಗದಲ್ಲಿದ್ದಾಗ

ಮಂಜೇಶ್ವರ, ಕುಂಬಳೆ, ಪೆರ್ಲದ ಕಡೆ ಕಣ್ಣಿನ ತಪಾಸಣೆ ಶಿಬಿರ ನಡೆದರೆ ‘ಎಡಗಣ್ಣು ಮಂಜು ಡಾಕ್ಟ್ರೇ’ ಎನ್ನುವ ಹಿರಿಯರು ಸಿಗುತ್ತಾರೆ. ಪೊರೆ ಕಂಡರೆ ಶಸ್ತ್ರಚಿಕಿತ್ಸೆಗೆ ಚೀಟಿ ಬರೆಯುತ್ತಾರೆ. ಆದರೆ ಪೊರೆ ತೆಗೆದ ಮೇಲೂ ಕೆಲವರು ಎಡಬದಿಯ ಹೊಸ್ತಿಲಿಗೆ ಎಡವುವುದು ನಿಲ್ಲುವುದಿಲ್ಲ. ಅವರು ಕಳೆದುಕೊಂಡದ್ದು ಎಡಗಣ್ಣನ್ನಲ್ಲ, ಎರಡೂ ಕಣ್ಣುಗಳ ನೋಟದ ಎಡ ಅರ್ಧವನ್ನು. ಇವೆರಡನ್ನು ಬೇರ್ಪಡಿಸುವುದು ಸುಲಭ. ಒಂದೊಂದೇ ಕಣ್ಣು ಮುಚ್ಚಿ ನೋಡಬೇಕು. ಬಲಗಣ್ಣಿನಿಂದ ನೋಡಿದಾಗಲೂ ಎಡಬದಿ ಕಾಣದಿದ್ದರೆ ಎಡಗಣ್ಣನ್ನು ದೂರಿ ಫಲವಿಲ್ಲ.

ಈ ತಿಳಿವಳಿಕೆಗೆ ಹಳೆಯ ಇತಿಹಾಸವಿದೆ. ಎರಡೂ ಕಣ್ಣುಗಳ ನರಗಳು ಮಿದುಳಿಗೆ ಸೇರುವ ಮುನ್ನ ಅರ್ಧರ್ಧ ಬೆರೆಯುತ್ತಿರಬಹುದೆಂದು ನ್ಯೂಟನ್ 1704ರಲ್ಲೇ ಊಹಿಸಿದ್ದ. 1824ರಲ್ಲಿ ಇಂಗ್ಲೆಂಡಿನ ರಸಾಯನ ವಿಜ್ಞಾನಿ ವಿಲಿಯಂ ವೊಲಾಸ್ಟನ್ ತನಗೇ ಆದ ಅನುಭವವನ್ನು ಆಧಾರವಾಗಿಟ್ಟು ಅದನ್ನು ವಾದಿಸಿದ. ಬಾಗಿಲ ಮೇಲಿದ್ದ ‘ಜಾನ್ಸನ್’ ಎಂಬ ಹೆಸರಿನಲ್ಲಿ ಅವನಿಗೆ ಕೊನೆಯ ‘ಸನ್’ ಮಾತ್ರ ಕಂಡಿತ್ತು. ಯಾವ ಕಣ್ಣು ಮುಚ್ಚಿದರೂ ಅಷ್ಟೇ. ಸ್ವಲ್ಪ ಹೊತ್ತಿಗೆ ನೋಟ ಮರಳಿತು. 1828ರಲ್ಲಿ ಅವನು ತೀರಿಕೊಂಡಾಗ ಮಿದುಳಿನ ಆಳದಲ್ಲಿ ನೋಟದ ದಾರಿಯಲ್ಲೇ ಇರುವ ಬಲ ಥಲಾಮಸ್‌ನಲ್ಲಿ ಗೆಡ್ಡೆ ಸಿಕ್ಕಿತು. ಆದರೂ ಅಷ್ಟು ಬೇಗ ಬಂದು ಹೋಗುವ ಅರೆಕುರುಡು ಮೈಗ್ರೇನಿನ ಲಕ್ಷಣವನ್ನೇ ಹೆಚ್ಚು ಹೋಲುತ್ತದೆ.

ಈಗ ದಾರಿ ಸ್ಪಷ್ಟವಾಗಿದೆ. ಒಂದೊಂದು ಕಣ್ಣಿನಿಂದ ಸುಮಾರು 10 ಲಕ್ಷ ನರತಂತುಗಳು ಹೊರಡುತ್ತವೆ. ಅಕ್ಷಿಪಟದ ಮೂಗಿನ ಕಡೆಯ ಅರ್ಧದಿಂದ ಬಂದವು ಕಯಾಸಮ್ ಎಂಬಲ್ಲಿ ಎದುರು ಬದಿಗೆ ದಾಟುತ್ತವೆ, ಕಿವಿಯ ಕಡೆಯವು ತಮ್ಮ ಬದಿಯಲ್ಲೇ ಉಳಿಯುತ್ತವೆ. ಅಲ್ಲಿಂದ ಹಿಂದಕ್ಕೆ ಮಿದುಳಿನ ಬಲಬದಿಯಲ್ಲಿ ಸಾಗುವುದು ಎಡಬದಿಯ ನೋಟ ಮಾತ್ರ. ಹೀಗಾಗಿ ಕಯಾಸಮ್‌ಗೆ ಮುಂಚೆ ಪೆಟ್ಟಾದರೆ ಒಂದೇ ಕಣ್ಣಿನ ದೃಷ್ಟಿ ಹೋಗುತ್ತದೆ. ದಾಟುವ ತಂತುಗಳಿಗೇ ಪೆಟ್ಟಾದರೆ ಎರಡೂ ಕಣ್ಣುಗಳ ಹೊರ ಅರ್ಧ ಹೋಗುತ್ತದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಗೆಡ್ಡೆ ಕೆಳಗಿನಿಂದ ಒತ್ತುವುದರಿಂದ ಆ ನಷ್ಟ ಸಾಮಾನ್ಯವಾಗಿ ಮೇಲಿನ ಹೊರಮೂಲೆಯಲ್ಲಿ ಶುರುವಾಗುತ್ತದೆ. ಕಯಾಸಮ್ ಆ ಗ್ರಂಥಿಗಿಂತ ಸುಮಾರು 1 ಸೆಂ.ಮೀ. ಮೇಲಿದೆ, ಆದ್ದರಿಂದ ಸಣ್ಣ ಗೆಡ್ಡೆ ನೋಟವನ್ನು ಮುಟ್ಟುವುದಿಲ್ಲ.

ಕಯಾಸಮ್‌ನಿಂದ ಹಿಂದೆ ಎಲ್ಲೇ ಪೆಟ್ಟಾದರೂ ಎರಡೂ ಕಣ್ಣುಗಳ ಒಂದೇ ಬದಿ ಹೋಗುತ್ತದೆ. ಹಾಗಾದರೆ ಪೆಟ್ಟು ಎಷ್ಟು ಹಿಂದೆ ಆಗಿದೆ? ತಜ್ಞರು ಹೆಚ್ಚು ಹೊತ್ತು ತಡಕಾಡಿದ್ದು ಇಲ್ಲಿಯೇ. ಮಿದುಳಿನ ಹಿಂಭಾಗದ ಕ್ಯಾಲ್ಕರೈನ್ ಬಿರುಕಿನ ಮೇಲಂಚು ನೋಟದ ಕೆಳಭಾಗವನ್ನೂ ಕೆಳಂಚು ಮೇಲ್ಭಾಗವನ್ನೂ ಗ್ರಹಿಸುತ್ತದೆಂದು ಸ್ವೀಡನ್ನಿನ ಹೆನ್ಶೆನ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸರಿಯಾಗಿಯೇ ಗುರುತಿಸಿದ್ದ. ಆದರೆ ನೋಟದ ನಟ್ಟನಡುವಿನ ಬಿಂದುವನ್ನು ಬಿರುಕಿನ ಮುಂತುದಿಗೆ ಹಾಕಿಬಿಟ್ಟ.

ಅದನ್ನು ತಿದ್ದಿದ್ದು ತತ್ಸುಜಿ ಇನೊಯೆ ಎಂಬ ತರುಣ ನೇತ್ರವೈದ್ಯ. 1904–05ರ ರಷ್ಯಾ–ಜಪಾನ್ ಯುದ್ಧದಲ್ಲಿ ಗಾಯಗೊಂಡ ಜಪಾನೀ ಸೈನಿಕರ ದೃಷ್ಟಿ ಎಷ್ಟು ಹೋಗಿದೆಯೆಂದು ಅಳೆದು ಪಿಂಚಣಿಗೆ ಶಿಫಾರಸು ಮಾಡುವುದು ಅವನ ಕೆಲಸ. ರಷ್ಯನ್ನರ ಹೊಸ ಬಂದೂಕಿನ 7.62 ಮಿ.ಮೀ. ಗುಂಡು ವೇಗವಾಗಿ, ನೇರವಾಗಿ ತಲೆಯನ್ನು ತೂರಿಹೋಗುತ್ತಿತ್ತು, ಒಳಗೆ ಚೂರಾಗುವುದು ಕಡಿಮೆ. ಹಾಗಾಗಿ ಕೆಲವರು ಬದುಕುಳಿದರು. ಗುಂಡು ಹೊಕ್ಕ ಮತ್ತು ಹೊರಬಂದ ಜಾಗಗಳನ್ನು ಇನೊಯೆ ತಾನೇ ರೂಪಿಸಿದ ಸಾಧನದಿಂದ ಅಳೆದು, ನಡುವೆ ಅದು ಮಿದುಳಿನ ಯಾವ ಭಾಗ ಹಾದಿರಬೇಕೆಂದು ಲೆಕ್ಕ ಹಾಕಿದ, ಅದನ್ನು ಅದೇ ಸೈನಿಕನ ದೃಷ್ಟಿಕ್ಷೇತ್ರದ ನಕ್ಷೆಯ ಪಕ್ಕದಲ್ಲಿಟ್ಟ. ನಡುಬಿಂದು ಇರುವುದು ತೀರಾ ಹಿಂತುದಿಯಲ್ಲಿ ಎಂಬುದು ಹೊರಬಿತ್ತು. ಅದಕ್ಕೆ ಸಿಕ್ಕ ಜಾಗವೂ ಅದರ ಅಳತೆಗೆ ಮೀರಿದ್ದು. 1909ರಲ್ಲಿ ಇದು ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು.

ಮೊದಲ ಮಹಾಯುದ್ಧದಲ್ಲಿ ಗೋರ್ಡನ್ ಹೋಮ್ಸ್ ಮತ್ತು ವಿಲಿಯಂ ಲಿಸ್ಟರ್ ಇದೇ ತೀರ್ಮಾನಕ್ಕೆ ಬಂದರು. ಅವರ ಗಾಯಾಳುಗಳಲ್ಲಿ ಕೆಳನೋಟ ಹೋದವರೇ ಹೆಚ್ಚು. ತಲೆಯ ಹಿಂಭಾಗದಲ್ಲಿ ಇನ್ನೂ ಕೆಳಗೆ ಗುಂಡು ತಗುಲಿದವರ ದೊಡ್ಡ ರಕ್ತನಾಳಗಳೇ ಹರಿಯುತ್ತಿದ್ದುದರಿಂದ ಅವರು ಆಸ್ಪತ್ರೆಯವರೆಗೆ ಬರುತ್ತಿದ್ದುದೇ ಕಡಿಮೆ. ಬದುಕುಳಿದವರನ್ನಷ್ಟೇ ನೋಡಿ ಬರೆದ ನಕ್ಷೆ ಇದು ಎಂಬುದನ್ನು ಮರೆಯಬಾರದು.

ಒಂದು ಕಾಲ್ಪನಿಕ ಪ್ರಸಂಗ ಹಿಡಿದು ನೋಡೋಣ. 64 ವರ್ಷದ ಅಡಿಕೆ ಕೃಷಿಕ, ಬಿಪಿ ಇದೆ. ತಿಂಗಳ ಹಿಂದೆ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಎಡಬದಿ ಮಸುಕಾಯಿತು. ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನು ಎಡಗಾಲಿನಿಂದ ತುಳಿಯುತ್ತಾರೆ. ಚಾರ್ಟ್ ಓದಿಸಿದರೆ ಎರಡೂ ಕಣ್ಣು 6/6. (ಇದೇ ದೂರು ಅದೇ ದಿನ ಬಂದಿದ್ದರೆ ಚಾರ್ಟ್ ಗೋಜಿಗೆ ಹೋಗದೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಿಸಬೇಕಿತ್ತು. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಅವಕಾಶ.)

ಅವರೆದುರು ಒಂದು ಮೀಟರ್ ದೂರದಲ್ಲಿ, ಕಣ್ಣಿಗೆ ಕಣ್ಣು ಸಮನಾಗುವಂತೆ ಕೂರಬೇಕು. ಅವರು ಅಂಗೈಯಿಂದ ಎಡಗಣ್ಣು ಮುಚ್ಚಿದರೆ ನಾವು ಬಲಗಣ್ಣು ಮುಚ್ಚಿ, ನಮ್ಮ ತೆರೆದ ಕಣ್ಣನ್ನೇ ನೋಡುತ್ತಿರಲು ಹೇಳಬೇಕು. ಇಬ್ಬರ ನಡುವೆ ನಾಲ್ಕೂ ಮೂಲೆಗಳಲ್ಲಿ ಒಂದು, ಎರಡು ಇಲ್ಲವೇ ಐದು ಬೆರಳು ತೋರಿಸಿ ಎಣಿಸಲು ಹೇಳಬೇಕು. ಬೆರಳು ಅಲುಗಿಸಬಾರದು, ಅಲುಗಿದರೆ ಮಂಕಾದ ಭಾಗವೂ ಗುರುತಿಸಿಬಿಡುತ್ತದೆ. ಅವರ ಕಣ್ಣು ಬೆರಳಿನ ಕಡೆ ಜಾರಿದರೆ ಆ ಉತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಇನ್ನೊಂದು ಕಣ್ಣಿಗೂ ಹೀಗೆಯೇ. ನಮ್ಮ ಕೃಷಿಕರಿಗೆ ಎರಡೂ ಕಣ್ಣುಗಳಲ್ಲಿ ಎಡ ಕೆಳಮೂಲೆಯ ಬೆರಳು ಕಾಣುವುದಿಲ್ಲ.

ಮುಂದಿನದು ಟಾರ್ಚಿನ ಪರೀಕ್ಷೆ. ಬೆಳಕನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹೊರಳಿಸಿದರೂ ಪಾಪೆಗಳು ಸಮನಾಗಿ ಕುಗ್ಗುತ್ತವೆ. ಪಾಪೆಗೆ ಹೋಗುವ ತಂತುಗಳು ಥಲಾಮಸ್‌ಗೆ ಸ್ವಲ್ಪ ಮುಂಚೆಯೇ ಕವಲೊಡೆಯುತ್ತವೆ. ಆದ್ದರಿಂದ ಪೆಟ್ಟು ಆ ಕವಲಿಗಿಂತ ಹಿಂದೆ ಇರುವ ಸಾಧ್ಯತೆಯೇ ಹೆಚ್ಚು. ಎಡನೋಟ ಹೋದದ್ದರಿಂದ ಬಲಬದಿ, ಕೆಳನೋಟ ಹೋದದ್ದರಿಂದ ಮೇಲಿನ ತಂತುಗಳು. ಈ ತಂತುಗಳು ಮಿದುಳಿನ ಮೇಲ್ಬದಿಯ ಪಾರ್ಶ್ವಕ ಹಾಲೆಯ ಮೂಲಕ ಹಾದು ಕ್ಯಾಲ್ಕರೈನ್ ಬಿರುಕಿನ ಮೇಲಂಚು ಸೇರುತ್ತವೆ. ಉಳಿದದ್ದು ಈ ಎರಡರಲ್ಲಿ ಯಾವುದೆಂಬ ಪ್ರಶ್ನೆ.

ಎರಡೂ ಕೈಗಳ ಬೆರಳನ್ನು ಒಟ್ಟಿಗೆ ತೋರಿಸಿದಾಗ ಮಾತ್ರ ಎಡದ್ದು ತಪ್ಪಿದರೆ ಅದು ಕುರುಡಲ್ಲ, ಗಮನದ ಕೊರತೆ. ಅದು ಪಾರ್ಶ್ವಕ ಹಾಲೆಯ ಕಡೆ ಬೆರಳು ಮಾಡುತ್ತದೆ. ಪಟ್ಟೆ ಪಟ್ಟೆಯ ಟೇಪನ್ನು ಕಣ್ಣೆದುರು ಎಳೆದಾಗಲೂ ಸುಳಿವು ಸಿಗುತ್ತದೆ. ಬಲ ಪಾರ್ಶ್ವಕ ಹಾಲೆ ಕೆಟ್ಟಿದ್ದರೆ ಟೇಪು ಬಲಕ್ಕೆ ಸಾಗುವಾಗ ಕಣ್ಣಿನ ಅದುರು ಎಡಕ್ಕೆ ಸಾಗುವಾಗಿನಷ್ಟು ಚೆನ್ನಾಗಿ ಬರುವುದಿಲ್ಲ. ನಮ್ಮ ಕೃಷಿಕರಿಗೆ ಎರಡೂ ಕಡೆ ಸಮನಾಗಿ ಬರುತ್ತದೆ. ಯಂತ್ರದಲ್ಲಿ ತೆಗೆದ ದೃಷ್ಟಿಕ್ಷೇತ್ರದ ನಕ್ಷೆಯಲ್ಲಿ ಎರಡೂ ಕಣ್ಣುಗಳ ಕಪ್ಪು ಭಾಗ ಒಂದರ ಮೇಲೊಂದು ಇಟ್ಟಂತೆ ಹೊಂದುತ್ತದೆ, ನಡುಬಿಂದುವಿನ ಸುತ್ತ ಸ್ವಲ್ಪ ಜಾಗ ಉಳಿದಿದೆ. ಇದು ಬಲ ಕ್ಯಾಲ್ಕರೈನ್‌ನ ಮೇಲಂಚು. ಆ ಭಾಗಕ್ಕೆ ರಕ್ತ ಕೊಡುವ ಹಿಂದಿನ ಮಿದುಳು ಧಮನಿಯ ಕವಲೊಂದು ಮುಚ್ಚಿರಬೇಕು. ಹಿಂತುದಿಗೆ ಮಧ್ಯ ಧಮನಿಯಿಂದಲೂ ರಕ್ತ ಸಿಗುವುದುಂಟು, ನಡುನೋಟ ಉಳಿಯಲು ಅದೂ ಒಂದು ಕಾರಣ. ಎಂಆರ್‌ಐಯಲ್ಲಿ ಮೊದಲು ನೋಡಬೇಕಾದ ಜಾಗ ಯಾವುದೆಂದು ಈಗ ಬರೆದು ಕಳಿಸಬಹುದು.

ಯಂತ್ರವೂ ಒಂದು ಕಡೆ ಮೋಸ ಮಾಡುತ್ತದೆ. ಸಾಮಾನ್ಯವಾಗಿ ಮಾಡುವ 24-2 ಪರೀಕ್ಷೆಯಲ್ಲಿ ಬಿಂದುಗಳ ನಡುವೆ 6 ಡಿಗ್ರಿ ಅಂತರವಿದೆ. ಹಿಂತುದಿಯಲ್ಲಷ್ಟೇ ಸಣ್ಣ ಪೆಟ್ಟಾದರೆ ನಡುಬಿಂದುವಿನ ಪಕ್ಕದ ಪುಟ್ಟ ಕುರುಡು ಆ ಸಂದಿನಲ್ಲಿ ನುಸುಳಿಹೋಗುತ್ತದೆ. 6/6 ಓದುವವರು ‘ಪೇಪರು ಓದಲಾಗುತ್ತಿಲ್ಲ’ ಎಂದರೆ 2 ಡಿಗ್ರಿ ಅಂತರದ 10-2 ಪರೀಕ್ಷೆ ಮಾಡಿಸಬೇಕು. ಅದಕ್ಕೂ ಮುಂಚೆ ಏನು ಓದಲಾಗುತ್ತಿಲ್ಲ ಎಂದು ಕೇಳುವುದು ಒಳ್ಳೆಯದು. ಕುರುಡು ಎಡಕ್ಕಿದ್ದರೆ ಕನ್ನಡ, ಮಲಯಾಳ ಓದುವವರಿಗೆ ಸಾಲಿನ ಆರಂಭ ಸಿಗುವುದಿಲ್ಲ, ಆರಂಭ ಸಿಕ್ಕ ಮೇಲೆ ಓದು ಮುಂದೆ ಸಾಗುತ್ತದೆ. ಬಲಕ್ಕಿದ್ದರೆ ಮುಂದಿನ ಪದವೇ ಮರೆಯಾಗಿ ಹೆಜ್ಜೆಹೆಜ್ಜೆಗೂ ತಡವರಿಕೆ. ಕಾಸರಗೋಡಿನಲ್ಲಿ ಅರಬ್ಬಿಯನ್ನೂ ಓದುವವರು ಅನೇಕರಿದ್ದಾರೆ. ಎಡಗಡೆಯ ಕುರುಡಿರುವ ಅಂಥವರಿಗೆ ಅರಬ್ಬಿಯೇ ಹೆಚ್ಚು ತೊಡಕು, ಏಕೆಂದರೆ ಅದರ ಮುಂದಿನ ಪದ ಇರುವುದು ಎಡಕ್ಕೆ.